ನಡುವಿನಲ್ಲಿ ಐವತ್ತಲ್ಲ, ಎಪ್ಪತ್ತೈದು

30 ಸೆಂಟಿಮೀಟರ್ ಉದ್ದದ ಒಂದು ತಾಮ್ರದ ಸರಳು. ಅದರ ಒಂದು ತುದಿ ದಪ್ಪ, ಅಲ್ಲಿ ವ್ಯಾಸ 6 ಸೆಂ.ಮೀ. ಅಲ್ಲಿಂದ ಒಂದೇ ಸಮನೆ ಸಣ್ಣಗಾಗುತ್ತ ಹೋಗಿ ಇನ್ನೊಂದು ತುದಿಯಲ್ಲಿ ವ್ಯಾಸ 2 ಸೆಂ.ಮೀ.ಗೆ ಇಳಿಯುತ್ತದೆ. ಶಂಕುವಿನ ಚೂಪನ್ನು ಕೊಯ್ದು ತೆಗೆದರೆ ಉಳಿಯುವ ಆಕಾರ ಇದು. ಸರಳಿನ ಮೈಸುತ್ತ ಶಾಖ ಹೊರಗೆ ಸೋರದಂತೆ ದಪ್ಪಗೆ ಗಾಜಿನ ಉಣ್ಣೆ ಸುತ್ತಿದೆ. ದಪ್ಪ ತುದಿಯ ಮುಖವನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲೂ ಸಣ್ಣ ತುದಿಯ ಮುಖವನ್ನು 0 ಡಿಗ್ರಿಯಲ್ಲೂ ಹಿಡಿದಿಟ್ಟು ಕೆಲವು ನಿಮಿಷ ಕಾದರೆ, ಸರಳಿನ ಯಾವ ಜಾಗದಲ್ಲೂ ತಾಪಮಾನ ಮತ್ತೆ ಬದಲಾಗದ ಸ್ಥಿತಿ ಬರುತ್ತದೆ. ಆಗ ಸರಳಿನ ನಟ್ಟನಡುವೆ, ಅಂದರೆ ಎರಡೂ ತುದಿಗಳಿಂದ 15 ಸೆಂ.ಮೀ. ದೂರದಲ್ಲಿ, ತಾಪಮಾನ ಎಷ್ಟಿರುತ್ತದೆ?

ಬಹಳ ಜನ ಯೋಚಿಸದೆ 50 ಎನ್ನುತ್ತಾರೆ. ಸರಳು ಉದ್ದಕ್ಕೂ ಒಂದೇ ದಪ್ಪವಾಗಿದ್ದರೆ ಆ ಉತ್ತರ ಸರಿ. ಈ ಸರಳಿನಲ್ಲಿ ನಡುವಿನ ತಾಪಮಾನ 75 ಡಿಗ್ರಿ. 50 ಡಿಗ್ರಿ ಸಿಗಬೇಕಾದರೆ ಸಣ್ಣ ತುದಿಯಿಂದ ಬರೀ ಏಳೂವರೆ ಸೆಂ.ಮೀ. ದೂರದಲ್ಲಿ ಹುಡುಕಬೇಕು. ಈ ಎರಡು ಸಂಖ್ಯೆಗಳು ಎಲ್ಲಿಂದ ಬಂದವು ಎಂದು ತಿಳಿದರೆ, ಸರಳಿನ ಮೂಲಕ ಸೆಕೆಂಡಿಗೆ ಎಷ್ಟು ಶಾಖ ಹರಿಯುತ್ತದೆ ಎಂಬ ದೊಡ್ಡ ಪ್ರಶ್ನೆಗೂ ಉತ್ತರ ಜೊತೆಯಲ್ಲೇ ಸಿಗುತ್ತದೆ.

ಮೊದಲು ಸುಲಭದ ಲೆಕ್ಕ. ಒಂದೇ ದಪ್ಪದ ಸರಳಿನ ಸೂತ್ರವನ್ನು ಕರ್ನಾಟಕದ ಪ್ರಥಮ ಪಿಯುಸಿ ಭೌತವಿಜ್ಞಾನ ಓದಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಬರೆದಿರುತ್ತಾರೆ:

q = k × A × (T₂ − T₁) / L

ಇಲ್ಲಿ q ಎಂದರೆ ಸೆಕೆಂಡಿಗೆ ಹರಿಯುವ ಶಾಖ, ವ್ಯಾಟ್‌ಗಳಲ್ಲಿ. A ಸರಳನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಮುಖದ ವಿಸ್ತೀರ್ಣ. L ಉದ್ದ, T₂ ಮತ್ತು T₁ ಎರಡು ತುದಿಗಳ ತಾಪಮಾನ. k ಎಂಬುದು ಆ ಲೋಹದ ಉಷ್ಣವಾಹಕತೆ. ತಾಮ್ರಕ್ಕೆ ಅದು ಮೀಟರಿಗೆ, ಡಿಗ್ರಿಗೆ ಸುಮಾರು 400 ವ್ಯಾಟ್. ಸ್ಟೇನ್‌ಲೆಸ್ ಸ್ಟೀಲಿಗೆ ಅದೇ ಸಂಖ್ಯೆ ಸುಮಾರು 15 ಮಾತ್ರ.

ಶಂಕುವಿನಾಕಾರದ ಸರಳಿಗೆ ಈ ಸೂತ್ರ ಹಚ್ಚಲು ಹೊರಟ ಕೂಡಲೇ A ಕಾಲಿಗೆ ತೊಡರುತ್ತದೆ. ಯಾವ ಜಾಗದ ವಿಸ್ತೀರ್ಣ ಹಾಕಬೇಕು? ದಪ್ಪ ತುದಿಯಲ್ಲಿ 28.3 ಚದರ ಸೆಂ.ಮೀ. ಇದೆ, ಸಣ್ಣ ತುದಿಯಲ್ಲಿ 3.14. ಎರಡಕ್ಕೂ ನಡುವೆ ಒಂಬತ್ತು ಪಟ್ಟು ಅಂತರ. ಅವಸರದಲ್ಲಿರುವವರು ಸರಾಸರಿ ಹಿಡಿಯುತ್ತಾರೆ. ಎರಡು ವಿಸ್ತೀರ್ಣಗಳ ಸರಾಸರಿ 15.7 ಚದರ ಸೆಂ.ಮೀ.; ಅದನ್ನು ಸೂತ್ರಕ್ಕೆ ಹಾಕಿದರೆ 209 ವ್ಯಾಟ್ ಬರುತ್ತದೆ. ವ್ಯಾಸಗಳ ಸರಾಸರಿ 4 ಸೆಂ.ಮೀ. ಎಂದು ಹಿಡಿದರೆ 168 ವ್ಯಾಟ್. ಒಂದೇ ಸರಳಿಗೆ ಎರಡು ಉತ್ತರ, ಎರಡೂ ಸಭ್ಯವಾಗಿಯೇ ಕಾಣುತ್ತವೆ. ನಿಜವಾದ ಉತ್ತರ 126 ವ್ಯಾಟ್‌ಗೂ ಚೂರು ಕಡಿಮೆ. ಮೊದಲನೆಯದು ಮೂರನೇ ಎರಡು ಪಾಲು ಹೆಚ್ಚು ಹೇಳಿತು, ಎರಡನೆಯದು ಮೂರನೇ ಒಂದು ಪಾಲು.

ಸರಾಸರಿ ಕೆಟ್ಟದ್ದು ಎಂದು ತೋರಿಸಲು ದೊಡ್ಡ ಗಣಿತವೇನೂ ಬೇಡ. ಸಣ್ಣ ತುದಿಯನ್ನು ಇನ್ನೂ ಸಣ್ಣಗೆ ಮಾಡುತ್ತ ಹೋಗಿ, ಕೊನೆಗೆ ಸೂಜಿಮೊನೆಯಂತೆ ವ್ಯಾಸ ಸೊನ್ನೆ ಆಯಿತು ಎಂದುಕೊಳ್ಳೋಣ. ವಿಸ್ತೀರ್ಣವೇ ಇಲ್ಲದ ಮೊನೆಯ ಮೂಲಕ ಶಾಖ ಹೊರಬರಲು ಜಾಗವೇ ಇಲ್ಲ, ಹಾಗಾಗಿ ಉತ್ತರ ಸೊನ್ನೆ ಆಗಲೇಬೇಕು. ಆದರೆ ಸರಾಸರಿ ವ್ಯಾಸದ ಲೆಕ್ಕ ಆಗಲೂ ನಾಚಿಕೆಯಿಲ್ಲದೆ 94 ವ್ಯಾಟ್ ಎನ್ನುತ್ತದೆ! ಶಂಕುವಿನ ಲೆಕ್ಕಕ್ಕೆ ಯಾರಾದರೂ ಸೂತ್ರ ಕೊಟ್ಟರೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ: ಒಂದು ವ್ಯಾಸ ಸೊನ್ನೆಯಾದಾಗ ಉತ್ತರ ಸೊನ್ನೆಯಾಗುತ್ತದೆಯೇ? ಎರಡು ವ್ಯಾಸಗಳೂ ಸಮವಾದಾಗ ಪಿಯುಸಿ ಸೂತ್ರ ಮರಳಿ ಬರುತ್ತದೆಯೇ?

ಹಾಗಾದರೆ ಸರಿಯಾದ ದಾರಿ ಯಾವುದು? ಅದನ್ನು ಹಾಕಿಕೊಟ್ಟವನು ಫ್ರಾನ್ಸಿನ ಜೋಸೆಫ್ ಫೂರಿಯೆ. ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿ ಬಂದ ಈತ 1802ರಿಂದ ಗ್ರೆನೋಬಲ್ ಊರಿನಲ್ಲಿ ಕುಳಿತು ಈಸೇರ್ ಜಿಲ್ಲೆಯ ಆಡಳಿತ ನೋಡಿಕೊಳ್ಳುತ್ತಿದ್ದ. ಈಗಿನ ಮಾತಿನಲ್ಲಿ ಜಿಲ್ಲಾಧಿಕಾರಿ. ಕಚೇರಿ ಕೆಲಸದ ನಡುವೆಯೇ ಕಬ್ಬಿಣದ ಬಳೆಯನ್ನು ಒಂದು ಕಡೆ ಕಾಯಿಸಿ, ಅದರಲ್ಲಿ ಅಲ್ಲಲ್ಲಿ ಕೊರೆದ ತೂತುಗಳಿಗೆ ಥರ್ಮಾಮೀಟರ್ ಇಟ್ಟು ಶಾಖದ ಹರಿವನ್ನು ಅಳೆದ. 1807ರಲ್ಲಿ ಪ್ಯಾರಿಸ್‌ನ ವಿದ್ವತ್ ಸಂಸ್ಥೆಗೆ ಪ್ರಬಂಧ ಸಲ್ಲಿಸಿದಾಗ ಪರಿಶೀಲಕರಲ್ಲಿ ಒಬ್ಬನಾಗಿದ್ದ ಮಹಾ ಗಣಿತಜ್ಞ ಲಗ್ರಾಂಜ್ ಅದರಲ್ಲಿನ ತ್ರಿಕೋನಮಿತಿ ಶ್ರೇಣಿಗಳನ್ನು ಒಪ್ಪಲಿಲ್ಲ. ಅದೇ ಕೆಲಸ ವಿಸ್ತಾರಗೊಂಡು ಪುಸ್ತಕವಾಗಿ ಹೊರಬಂದದ್ದು 1822ರಲ್ಲಿ.

ಲಗ್ರಾಂಜ್ ತಕರಾರು ತೆಗೆದ ಭಾಗ ಈ ಸರಳಿಗೆ ಬೇಕಿಲ್ಲ. ಬೇಕಾದದ್ದು ಫೂರಿಯೆಯ ಸರಳವಾದ ಒಂದು ಮಾತು. ಶಾಖದ ಹರಿವನ್ನು ನಿರ್ಧರಿಸುವುದು ಎರಡು ತುದಿಗಳ ತಾಪಮಾನದ ಅಂತರವಲ್ಲ, ಆಯಾ ಜಾಗದಲ್ಲಿ ತಾಪಮಾನ ಎಷ್ಟು ಕಡಿದಾಗಿ ಇಳಿಯುತ್ತಿದೆ ಎಂಬುದು. ಅಂದರೆ ನಿಯಮ ಇಡೀ ಸರಳಿಗೆ ಒಟ್ಟಾಗಿ ಹೇಳಿದ್ದಲ್ಲ, ಅದರ ಒಂದೊಂದು ತೆಳು ಬಿಲ್ಲೆಗೂ ಬೇರೆ ಬೇರೆಯಾಗಿ ಹೇಳಿದ್ದು:

q = k × A × dT/dx

ಪುಸ್ತಕಗಳಲ್ಲಿ ಬಲಗಡೆಗೆ ಒಂದು ಋಣ ಚಿಹ್ನೆ ಇರುತ್ತದೆ. ಶಾಖ ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಹರಿಯುತ್ತದೆ ಎಂದು ನೆನಪಿಸಲು ಅದು. ಇಲ್ಲಿ ದಿಕ್ಕು ಮೊದಲೇ ಗೊತ್ತಿದೆ, ದಪ್ಪ ತುದಿಯಿಂದ ಸಣ್ಣ ತುದಿಗೆ. ಹಾಗಾಗಿ ಚಿಹ್ನೆಯ ಗೋಜು ಬಿಡಬಹುದು.

ಇದಕ್ಕೆ ಇನ್ನೊಂದು ಮಾತು ಸೇರಬೇಕು. ಮೈಯಿಂದ ಶಾಖ ಸೋರುತ್ತಿಲ್ಲ, ಯಾವ ಜಾಗದ ತಾಪಮಾನವೂ ಏರುತ್ತಿಲ್ಲ, ಇಳಿಯುತ್ತಲೂ ಇಲ್ಲ. ಅಂದಮೇಲೆ ದಪ್ಪ ತುದಿಯಿಂದ ಒಳಬಂದ ಅಷ್ಟೂ ವ್ಯಾಟ್ ಪ್ರತಿಯೊಂದು ಬಿಲ್ಲೆಯನ್ನೂ ದಾಟಿ ಸಣ್ಣ ತುದಿಯಿಂದ ಹೊರಗೆ ಹೋಗಲೇಬೇಕು. ನಡುವೆ ಉಳಿಯಲು ಅದಕ್ಕೆ ಜಾಗವಿಲ್ಲ. ಅಗಲವಾದ ಕಾಲುವೆ ಕಿರಿದಾದಲ್ಲಿ ನೀರು ರಭಸ ಹಿಡಿಯುವುದು ಇದೇ ಕಾರಣಕ್ಕೆ. ಹರಿಯುವ ನೀರು ಅಷ್ಟೇ, ಹಾದುಹೋಗುವ ಜಾಗ ಮಾತ್ರ ಕಡಿಮೆ. ಸರಳಿನಲ್ಲಿ ರಭಸದ ಜಾಗದಲ್ಲಿ ತಾಪಮಾನದ ಇಳಿಜಾರು ಬರುತ್ತದೆ. A ಒಂಬತ್ತು ಪಟ್ಟು ಕಡಿಮೆ ಇರುವಲ್ಲಿ dT/dx ಒಂಬತ್ತು ಪಟ್ಟು ಹೆಚ್ಚಾಗದೆ ಗತಿಯಿಲ್ಲ. ಈ ಸರಳಿನ ದಪ್ಪ ತುದಿಯ ಬಳಿ ಒಂದು ಸೆಂ.ಮೀ. ಸರಿದರೆ ತಾಪಮಾನ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಸಣ್ಣ ತುದಿಯ ಬಳಿ ಸೆಂ.ಮೀ.ಗೆ ಸುಮಾರು ಹತ್ತು ಡಿಗ್ರಿ.

ಹೀಗಾಗಿ 100 ಡಿಗ್ರಿಯ ಒಟ್ಟು ಇಳಿಕೆಯಲ್ಲಿ ಬಹುಪಾಲು ಖರ್ಚಾಗುವುದು ಸಣ್ಣ ತುದಿಯ ಹತ್ತಿರ. ದಪ್ಪ ಭಾಗದಲ್ಲಿ ಎಷ್ಟು ತಾಮ್ರ ಇದ್ದರೂ ಅದು ಲೆಕ್ಕಕ್ಕೆ ಬರುವುದು ಕಡಿಮೆ.

ಈಗ ಲೆಕ್ಕ. ಅನುಕಲನ ಎಂಬ ಹೆಸರು ಕೇಳಿ ಹೆದರುವವರು ಮೊದಲು ಕೈಯಲ್ಲೇ ಮಾಡಿ ನೋಡಬಹುದು. ಸರಳನ್ನು 15 ಸೆಂ.ಮೀ.ಯ ಎರಡು ತುಂಡುಗಳೆಂದು ಭಾವಿಸಿ, ಒಂದಕ್ಕೆ 3 ಸೆಂ.ಮೀ., ಇನ್ನೊಂದಕ್ಕೆ 5 ಸೆಂ.ಮೀ. ನಡು ವ್ಯಾಸ ಹಿಡಿದು, ಎರಡೂ ಒಡ್ಡುವ ತಡೆಯನ್ನು ಕೂಡಿಸಿದರೆ ಉತ್ತರ ಸುಮಾರು 139 ವ್ಯಾಟ್. ನಾಲ್ಕು ತುಂಡು ಮಾಡಿ ಎರಡೂವರೆ, ಮೂರೂವರೆ, ನಾಲ್ಕೂವರೆ, ಐದೂವರೆ ಸೆಂ.ಮೀ. ವ್ಯಾಸಗಳಿಗೆ ಅದೇ ಕೆಲಸ ಮಾಡಿದರೆ 129. ಒಂದೇ ತುಂಡಾಗಿ ಹಿಡಿದಾಗ ಬಂದ 168 ಈಗ ಎಲ್ಲಿಗೆ ಬಂತು ನೋಡಿ. ತುಂಡುಗಳ ಸಂಖ್ಯೆ ಹೆಚ್ಚಿಸಿದಷ್ಟೂ ಉತ್ತರ ಇಳಿಯುತ್ತ ಒಂದು ಕಡೆ ನಿಲ್ಲುತ್ತದೆ. ಲೆಕ್ಕವಿಲ್ಲದಷ್ಟು ತೆಳು ಬಿಲ್ಲೆಗಳನ್ನು ಒಂದೇ ಏಟಿಗೆ ಕೂಡಿಸುವ ವಿಧಾನವೇ ಅನುಕಲನ.

ಕೂಡಿಸುವುದನ್ನು ಸುಲಭ ಮಾಡಲು ಅನುಭವಿಗಳು ಒಂದು ಉಪಾಯ ಮಾಡುತ್ತಾರೆ. ದೂರವನ್ನು ಸಣ್ಣ ತುದಿಯಿಂದ ಅಳೆಯುವುದಿಲ್ಲ. ಸರಳಿನ ಮೈಯ ಗೆರೆಗಳನ್ನು ಮುಂದಕ್ಕೆ ಎಳೆದರೆ ಅವು ಸೇರುವ, ಈಗ ಇಲ್ಲದ ಚೂಪಿನಿಂದ ಅಳೆಯುತ್ತಾರೆ. ಸರಳು 30 ಸೆಂ.ಮೀ.ಗೆ 4 ಸೆಂ.ಮೀ. ದಪ್ಪಗಾಗುತ್ತದೆ, ಆದ್ದರಿಂದ 2 ಸೆಂ.ಮೀ. ವ್ಯಾಸ ಸೊನ್ನೆಗೆ ಇಳಿಯಲು ಇನ್ನೂ 15 ಸೆಂ.ಮೀ. ಬೇಕು. ಹೀಗೆ ಸಣ್ಣ ತುದಿ x₁ = 15 ಸೆಂ.ಮೀ.ನಲ್ಲೂ ದಪ್ಪ ತುದಿ x₂ = 45 ಸೆಂ.ಮೀ.ನಲ್ಲೂ ಬರುತ್ತದೆ. ವ್ಯಾಸ ಎಲ್ಲೆಡೆ D = a x, ಇಲ್ಲಿ a = 4/30. ವಿಸ್ತೀರ್ಣ A = π a² x² / 4. ಪರೀಕ್ಷೆಯಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. D = a x ಎಂದು ಬರೆದು, x ಅನ್ನು ಮಾತ್ರ ಸಣ್ಣ ತುದಿಯಿಂದ ಎಣಿಸುತ್ತಾರೆ. ಆಗ ಸಣ್ಣ ತುದಿಯಲ್ಲಿ x ಸೊನ್ನೆ, ಭಾಗಲಬ್ಧ ಅನಂತ, ಉತ್ತರ ಪತ್ರಿಕೆಯಲ್ಲಿ ಕಾಟು.

ಸರಿಯಾದ ದಾರಿಯಲ್ಲಿ ಮುಂದುವರಿದರೆ, ಫೂರಿಯೆಯ ನಿಯಮದಲ್ಲಿ x ಇರುವುದೆಲ್ಲ ಎಡಕ್ಕೆ, T ಇರುವುದೆಲ್ಲ ಬಲಕ್ಕೆ ಬರುತ್ತದೆ:

q × dx / x² = (π a² k / 4) × dT

q ಎಲ್ಲ ಬಿಲ್ಲೆಗಳಿಗೂ ಒಂದೇ ಆದ್ದರಿಂದ ಅದು ಹೊರಗೆ ನಿಲ್ಲುತ್ತದೆ. A ಹಾಗೆ ನಿಲ್ಲಲಾರದು, ಅದರೊಳಗೆ x ಅಡಗಿದೆ. A ಅನ್ನೂ ಹೊರಗೆಳೆದು ಬಿಟ್ಟರೆ ಮತ್ತೆ ಸರಾಸರಿಯ ಹಳೇ ಗುಂಡಿಗೆ ಬಿದ್ದ ಹಾಗೆ. 1/x² ಅನ್ನು x₁ನಿಂದ x₂ವರೆಗೆ ಕೂಡಿಸಿದರೆ 1/x₁ − 1/x₂ ಸಿಗುತ್ತದೆ. ಬಲಗಡೆ ಬರೀ T₂ − T₁. ಇದನ್ನು ಒಟ್ಟುಗೂಡಿಸಿ, a x₁ ಎಂದರೆ ಸಣ್ಣ ವ್ಯಾಸ D₁, a x₂ ಎಂದರೆ ದೊಡ್ಡ ವ್ಯಾಸ D₂ ಎಂದು ಮರಳಿ ಬರೆದರೆ ಸೂತ್ರ ಎಷ್ಟು ಚೊಕ್ಕವಾಗುತ್ತದೆ ಎಂದರೆ, ಶಂಕುವಿನ ಚೂಪು ಅದರಲ್ಲಿ ಕಾಣುವುದೇ ಇಲ್ಲ:

q = π k D₁ D₂ (T₂ − T₁) / (4 L)

ಸಂಖ್ಯೆ ಹಾಕಿ ನೋಡೋಣ. 400 × 0.02 × 0.06 × 100 ಅನ್ನು π ಯಿಂದ ಗುಣಿಸಿ, 4 × 0.3ರಿಂದ ಭಾಗಿಸಿದರೆ 125.7 ವ್ಯಾಟ್. ಪಿಯುಸಿ ಸೂತ್ರದಲ್ಲಿ D² ಇದ್ದ ಜಾಗಕ್ಕೆ ಇಲ್ಲಿ D₁ × D₂ ಬಂದಿದೆ, ಅಷ್ಟೇ ವ್ಯತ್ಯಾಸ. ಅಂದರೆ ಸರಾಸರಿ ಹಿಡಿಯಲೇಬೇಕೆಂದರೆ ಗುಣೋತ್ತರ ಸರಾಸರಿ ಹಿಡಿಯಬೇಕು. 2 ಮತ್ತು 6ರ ಗುಣಲಬ್ಧ 12, ಅದರ ವರ್ಗಮೂಲ ಸುಮಾರು 3.46. ಉದ್ದಕ್ಕೂ 3.46 ಸೆಂ.ಮೀ. ವ್ಯಾಸವಿರುವ ನೇರ ಸರಳು ಈ ಶಂಕುವಿನಷ್ಟೇ ಶಾಖ ಸಾಗಿಸುತ್ತದೆ. ಒಂದು ವ್ಯಾಸ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಸೂಜಿಮೊನೆಯ ಪರೀಕ್ಷೆಯಲ್ಲಿ ಸೂತ್ರ ಪಾಸು.

ಇದೇ ಅನುಕಲನವನ್ನು ಕೊನೆಯವರೆಗೆ ಒಯ್ಯದೆ ನಡುವೆ ನಿಲ್ಲಿಸಿದರೆ ಒಂದೊಂದು ಜಾಗದ ತಾಪಮಾನ ಸಿಗುತ್ತದೆ. ಸಣ್ಣ ತುದಿಯಿಂದ ಕಾಲು ಭಾಗದಲ್ಲಿ 50, ಅರ್ಧದಲ್ಲಿ 75, ಮುಕ್ಕಾಲಿನಲ್ಲಿ 90 ಡಿಗ್ರಿ. ಮೊದಲ ಕಾಲು ಭಾಗ ಒಂದೇ ಐವತ್ತು ಡಿಗ್ರಿ ನುಂಗಿಬಿಡುತ್ತದೆ, ಕೊನೆಯ ಕಾಲು ಭಾಗಕ್ಕೆ ಹತ್ತೇ ಡಿಗ್ರಿ ಸಾಕು.

ಸರಳನ್ನು ತಿರುಗಿಸಿ ಸಣ್ಣ ತುದಿಯನ್ನು ಬಿಸಿಗೂ ದಪ್ಪ ತುದಿಯನ್ನು ತಣ್ಣಗಿನ ಕಡೆಗೂ ಇಟ್ಟರೆ? ಅಗಲದಿಂದ ಕಿರಿದಕ್ಕೆ ಹರಿಯುವುದು ಕಷ್ಟ, ಕಿರಿದರಿಂದ ಅಗಲಕ್ಕೆ ಸುಲಭ ಎಂದು ಮನಸ್ಸು ಹೇಳುತ್ತದೆ. ಸೂತ್ರ ಹಾಗೆನ್ನುವುದಿಲ್ಲ. D₁ × D₂ ಅನ್ನು ಹೇಗೆ ಗುಣಿಸಿದರೂ ಅಷ್ಟೇ, ಆದ್ದರಿಂದ ಶಾಖ ಮತ್ತೆ 125.7 ವ್ಯಾಟೇ. ಬದಲಾಗುವುದು ಒಳಗಿನ ತಾಪಮಾನ. ಈಗ ನಡುವಿನಲ್ಲಿ 25 ಡಿಗ್ರಿ ಇರುತ್ತದೆ. ತಾಪಮಾನಕ್ಕೆ ತಕ್ಕಂತೆ ಲೋಹದ k ಸ್ವಲ್ಪ ಬದಲಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿದರೂ ಹರಿವು ಎರಡೂ ದಿಕ್ಕಿಗೆ ಸಮನಾಗಿಯೇ ಉಳಿಯುತ್ತದೆ. ಏಕೆಂದರೆ k ಬಲಗಡೆ T ಜೊತೆ ಸೇರಿಕೊಳ್ಳುತ್ತದೆ, ಆಕಾರ ಎಡಗಡೆ x ಜೊತೆ. ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲ.

ಇಷ್ಟು ಹೊತ್ತು ಕಾಗದದ ಮೇಲಿನ ಸರಳು. ಪ್ರಯೋಗಾಲಯದ ಮೇಜಿನ ಮೇಲೆ ಇದನ್ನೇ ಮಾಡಲು ಹೋದರೆ ಮೊದಲ ಪೆಟ್ಟು ಬೀಳುವುದು ತುದಿಗಳಲ್ಲಿ. ಸಣ್ಣ ತುದಿಯ 3.14 ಚದರ ಸೆಂ.ಮೀ. ಮುಖದ ಮೂಲಕ 125.7 ವ್ಯಾಟ್ ಹೊರಬರಬೇಕು ಎಂದರೆ ಪ್ರತಿ ಚದರ ಸೆಂ.ಮೀ.ಗೆ 40 ವ್ಯಾಟ್. ಅಷ್ಟನ್ನು ಸೆಳೆದುಕೊಳ್ಳುವುದು ಹುಡುಗಾಟವಲ್ಲ. ಮಂಜುಗಡ್ಡೆ ತೇಲುವ 0 ಡಿಗ್ರಿಯ ನೀರನ್ನು ಪಂಪಿನಿಂದ ರಭಸವಾಗಿ ಹಾಯಿಸಿ, ಪ್ರತಿ ಚದರ ಮೀಟರಿಗೆ ಡಿಗ್ರಿಗೆ 5,000 ವ್ಯಾಟ್ ಎಳೆದುಕೊಳ್ಳುವಂತೆ ಮಾಡಿದೆವು ಎನ್ನೋಣ. ಹಾಗಿದ್ದರೂ ಲೋಹಕ್ಕೆ ಅಂಟಿದಂತಿರುವ ತೆಳು ನೀರಿನ ಪದರ ಒಡ್ಡುವ ತಡೆ ಇಡೀ ತಾಮ್ರದ ಸರಳಿನ ತಡೆಯ ಐದನೇ ನಾಲ್ಕು ಪಾಲಿನಷ್ಟು ಆಗುತ್ತದೆ. ಎರಡನ್ನೂ ಕೂಡಿಸಿದರೆ ಹರಿಯುವ ಶಾಖ ಸುಮಾರು 70 ವ್ಯಾಟ್‌ಗೆ ಕುಸಿಯುತ್ತದೆ. ಸಣ್ಣ ತುದಿಯ ಲೋಹ 0 ಡಿಗ್ರಿಯಲ್ಲಿ ಇರುವುದೇ ಇಲ್ಲ, 44 ಡಿಗ್ರಿಗೆ ಏರಿ ಕುಳಿತಿರುತ್ತದೆ.

ಸೂತ್ರ ಸುಳ್ಳಾಯಿತೇ? ಇಲ್ಲ. ಸೂತ್ರದಲ್ಲಿನ T₁ ಎಂದರೆ ಲೋಹದ ಮುಖದ ತಾಪಮಾನ, ಅದು ಮುಳುಗಿರುವ ನೀರಿನದ್ದಲ್ಲ. 100ರಿಂದ 44 ಕಳೆದು ಬರುವ 56 ಡಿಗ್ರಿಯನ್ನು ಸೂತ್ರಕ್ಕೆ ಹಾಕಿ ನೋಡಿದರೆ ಅದೇ 70 ವ್ಯಾಟ್ ಸಿಗುತ್ತದೆ. ಆದ್ದರಿಂದ ಥರ್ಮಾಮೀಟರನ್ನು ನೀರಿಗೆ ಅದ್ದಿ ಲೆಕ್ಕ ಮಾಡುವವರಿಗೆ ಉತ್ತರ ಸುಮಾರು ಎರಡು ಪಟ್ಟು ತಪ್ಪುತ್ತದೆ. ತುದಿಯ ಹತ್ತಿರ ಲೋಹದಲ್ಲೇ ತೂತು ಕೊರೆದು ಅಳೆಯುವವರಿಗೆ ತಪ್ಪುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಫೂರಿಯೆ ತನ್ನ ಕಬ್ಬಿಣದ ಬಳೆಗೆ ತೂತು ಕೊರೆಸಿದ್ದು ವ್ಯರ್ಥವಲ್ಲ.

ಎರಡನೆಯ ಪೆಟ್ಟು ಮೈಯಿಂದ. ಗಾಜಿನ ಉಣ್ಣೆಯನ್ನು ಬಿಚ್ಚಿ, 25 ಡಿಗ್ರಿಯ ಕೋಣೆಯಲ್ಲಿ ಸರಳನ್ನು ಬೆತ್ತಲೆ ಬಿಟ್ಟರೆ, ನಿಂತ ಗಾಳಿ ಪ್ರತಿ ಚದರ ಮೀಟರಿಗೆ ಡಿಗ್ರಿಗೆ ಅಂದಾಜು 10 ವ್ಯಾಟ್ ಒಯ್ಯುತ್ತದೆ. ಲೆಕ್ಕ ಹಾಕಿದರೆ ದಾರಿಯಲ್ಲೇ ಸುಮಾರು 19 ವ್ಯಾಟ್ ಸೋರಿಹೋಗುತ್ತದೆ. 125ರಲ್ಲಿ 19 ಹೋದರೆ ತಾಮ್ರಕ್ಕೆ ದೊಡ್ಡ ನಷ್ಟವೇನಲ್ಲ, ಉತ್ತರ ಹತ್ತಿರ ಹತ್ತಿರ ನಿಲ್ಲುತ್ತದೆ. ಇದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಸರಳಾದರೆ ಕಥೆ ಬೇರೆ. ಅದಕ್ಕೆ ಸೂತ್ರ ಕೊಡುವುದು ಬರೀ 4.7 ವ್ಯಾಟ್, ಗಾಳಿ ಕೇಳುವುದು ಅದರ ಎಷ್ಟೋ ಪಟ್ಟು. ಸಾಗಿಸುವುದಕ್ಕಿಂತ ಸೋರುವುದೇ ಹೆಚ್ಚಾದಾಗ ‘ಎಲ್ಲ ಬಿಲ್ಲೆಗೂ ಒಂದೇ q’ ಎಂಬ ಅಡಿಪಾಯವೇ ಕುಸಿಯುತ್ತದೆ. ಅಲ್ಲಿ ಈ ಸೂತ್ರ ಬಳಸುವುದು ಸಣ್ಣ ತಪ್ಪಲ್ಲ, ಅರ್ಥವಿಲ್ಲದ ಕೆಲಸ. ಸೋರಿಕೆಯನ್ನು ಪತ್ತೆಹಚ್ಚುವುದು ಕಷ್ಟವೇನಿಲ್ಲ. ಎರಡೂ ತುದಿಗಳ ಮುಖದ ತಾಪಮಾನ ಅಳೆದ ಮೇಲೆ ನಡುವಿನಲ್ಲಿ ಒಂದು ಥರ್ಮಾಮೀಟರ್ ಇಟ್ಟು, ಅಲ್ಲಿ ಒಟ್ಟು ಅಂತರದ ಮುಕ್ಕಾಲು ಪಾಲು ಸಿಗುತ್ತದೆಯೇ ನೋಡಿದರೆ ಸಾಕು. ತಾಮ್ರದಲ್ಲಿ ಅಲ್ಪಸ್ವಲ್ಪ ಕಡಿಮೆ ತೋರಿಸೀತು. ಬೆತ್ತಲೆ ಸ್ಟೀಲಿನಲ್ಲಿ ಗಣನೀಯವಾಗಿ ಕೆಳಗಿರುತ್ತದೆ.

ಮೂರನೆಯ ಮಿತಿ ಆಕಾರದ್ದು. ಬಿಲ್ಲೆಗಳು ಚಪ್ಪಟೆ, ಒಂದು ಬಿಲ್ಲೆಯ ಉದ್ದಗಲಕ್ಕೂ ತಾಪಮಾನ ಒಂದೇ ಎಂದು ಲೆಕ್ಕದಲ್ಲಿ ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ. ನಿಜಕ್ಕೂ ಶಂಕುವಿನಲ್ಲಿ ಶಾಖ ಕಾಲ್ಪನಿಕ ಚೂಪಿನ ಕಡೆಗೆ ಎಲ್ಲ ದಿಕ್ಕಿನಿಂದ ಓರೆಯಾಗಿ ಹರಿಯುತ್ತದೆ, ಸಮ ತಾಪಮಾನದ ಮೇಲ್ಮೈಗಳು ಗೋಳದ ಚೂರುಗಳಂತೆ ಬಾಗಿರುತ್ತವೆ. ತುದಿಗಳೂ ಹಾಗೇ ಬಾಗಿರುವ ಶಂಕುವಿಗೆ ಕರಾರುವಾಕ್ಕಾದ ಉತ್ತರ ಇದೆ. ಅದರ ಜೊತೆ ಹೋಲಿಸಿದರೆ, ಮೈ ಅಕ್ಷದಿಂದ ನಾಲ್ಕು ಡಿಗ್ರಿಯೂ ವಾಲದ ಈ ಸರಳಿನಲ್ಲಿ ವ್ಯತ್ಯಾಸ ಶೇಕಡ ಒಂದರ ಮೂರನೇ ಒಂದು ಪಾಲು ಮಾತ್ರ. ಮೂವತ್ತು ಡಿಗ್ರಿ ವಾಲಿದ ಕುಳ್ಳ ಶಂಕುವಿನಲ್ಲಿ ಚಪ್ಪಟೆ ಬಿಲ್ಲೆಯ ಲೆಕ್ಕ ಸುಮಾರು ಶೇಕಡ 24 ಹೆಚ್ಚು ಹೇಳುತ್ತದೆ, ನಲವತ್ತೈದರಲ್ಲಿ ಶೇಕಡ 70. ಸರಳು ಉದ್ದವಾಗಿ, ಇಳಿಜಾರು ನಯವಾಗಿದ್ದರೆ ಮಾತ್ರ ಈ ಸೂತ್ರವನ್ನು ನೆಚ್ಚಿಕೊಳ್ಳಬಹುದು.

ಇನ್ನೊಂದು ವಿಷಯ ಮುಟ್ಟದೆ ಬಿಡಲಾಗದು, ಅದು ತಾಮ್ರದ ತೂಕ. ನಮ್ಮ ಶಂಕು ತೂಗುವುದು ಸುಮಾರು 3.7 ಕಿಲೋ. ಅಷ್ಟೇ ಶಾಖ ಸಾಗಿಸುವ 3.46 ಸೆಂ.ಮೀ. ವ್ಯಾಸದ ನೇರ ಸರಳು ಎರಡೂವರೆ ಕಿಲೋ. ಒಂದು ಕಿಲೋಗೂ ಹೆಚ್ಚು ತಾಮ್ರ ದಪ್ಪ ತುದಿಯಲ್ಲಿ ಹೆಚ್ಚು ಕೆಲಸವಿಲ್ಲದೆ ಕೂತಿದೆ. ಮೈಯಿಂದ ಶಾಖ ಸೋರದಿದ್ದರೆ, ಕೊಟ್ಟಷ್ಟು ಲೋಹದಲ್ಲಿ ಅತಿ ಹೆಚ್ಚು ಶಾಖ ಸಾಗಿಸುವ ಆಕಾರ ಎಂದರೆ ಉದ್ದಕ್ಕೂ ಒಂದೇ ದಪ್ಪದ ಸರಳು. ಹಾಗಿದ್ದೂ ಜನ ಸರಳನ್ನು ಶಂಕುವಾಗಿ ಕಡೆಯುವುದಕ್ಕೆ ಕಾರಣ ಬೇರೆ ಇರುತ್ತದೆ. ಎಂಜಿನ್‌ಗಳ ಮೈಮೇಲಿನ ತಂಪುಗಾರಿಕೆಯ ರೆಕ್ಕೆಗಳಲ್ಲಿ ಶಾಖ ಬೇಕೆಂತಲೇ ದಾರಿಯುದ್ದಕ್ಕೂ ಸೋರುತ್ತದೆ. ತುದಿಗೆ ಹೋದಷ್ಟೂ ಸಾಗಿಸಬೇಕಾದ ಶಾಖ ಕಡಿಮೆ, ಆದ್ದರಿಂದ ಅಲ್ಲಿ ತೆಳ್ಳಗಾದರೂ ನಷ್ಟವಿಲ್ಲ. ಕೆಲವೊಮ್ಮೆ ಚೂಪು ತುದಿ ಇಲ್ಲದೆ ಕೆಲಸವೇ ಆಗುವುದಿಲ್ಲ.

ಅಂಥ ಕೆಲಸ ನೋಡಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ ಸಾಲಿಗೆ ಹೋಗಬಹುದು. ಅಲ್ಲಿ ಸೋಲ್ಡರಿಂಗ್ ಐರನ್ನಿನ ಬಿಟ್‌ಗಳು ಬಗೆಬಗೆಯ ಆಕಾರದಲ್ಲಿ ಸಿಗುತ್ತವೆ. ಒಳಗೆ ತಾಮ್ರ, ಮೇಲೆ ಸವೆಯದಿರಲು ಕಬ್ಬಿಣದ ಲೇಪ. ಹೊಸದಾಗಿ ಕೆಲಸ ಕಲಿಯುವವರು ಸೂಜಿಯಂಥ ಬಿಟ್ಟನ್ನೇ ಆರಿಸುತ್ತಾರೆ, ನಾಜೂಕಿನ ಕೆಲಸಕ್ಕೆ ಅದೇ ಒಳ್ಳೆಯದು ಎಂಬ ನಂಬಿಕೆಯಿಂದ. ಬೋರ್ಡಿನಲ್ಲಿ ಅಗಲವಾದ ತಾಮ್ರದ ಪಟ್ಟಿಗೆ ಅದನ್ನು ತಗುಲಿಸಿದರೆ ಸೀಸ ಕರಗುವುದಿಲ್ಲ. ಕರಗಿದರೂ ಉಂಡೆಗಟ್ಟುತ್ತದೆ, ಬೆಸುಗೆ ಮಂಕಾಗಿ ಕಾಣುತ್ತದೆ. ಐರನ್ ಕೆಟ್ಟಿದೆ ಎಂದುಕೊಂಡು ರೆಗ್ಯುಲೇಟರನ್ನು ಮೇಲಕ್ಕೆ ತಿರುಗಿಸುತ್ತಾರೆ.

ಐರನ್ ಕೆಟ್ಟಿಲ್ಲ. ಬಿಟ್ಟಿನ ತೆರೆದ ಭಾಗ 15 ಮಿಲಿಮೀಟರ್ ಉದ್ದ, ಬುಡದಲ್ಲಿ 6 ಮಿ.ಮೀ. ವ್ಯಾಸ, ಮೊನೆಯಲ್ಲಿ 1 ಮಿ.ಮೀ. ಎಂದು ಹಿಡಿದು ಅದೇ ಸೂತ್ರಕ್ಕೆ ಹಾಕೋಣ. ಬುಡ 350 ಡಿಗ್ರಿಯಲ್ಲಿದ್ದು, ಮೊನೆ 250ಕ್ಕಿಂತ ಕೆಳಗೆ ಇಳಿಯಬಾರದು ಎಂದರೆ 100 ಡಿಗ್ರಿಯ ಅಂತರ ಕೈಯಲ್ಲಿದೆ. ಅಷ್ಟರಲ್ಲಿ ಮೊನೆಗೆ ತಲುಪುವ ಶಾಖ 12.6 ವ್ಯಾಟ್. ಐರನ್ನಿನ ಮೇಲೆ 40 ವ್ಯಾಟ್ ಎಂದು ಬರೆದಿದ್ದರೂ ಆ ಮೊನೆಯ ಮೂಲಕ ಅಷ್ಟು ಬರುವುದು ಅಸಾಧ್ಯ. 40 ವ್ಯಾಟ್ ಎಳೆಯಲು ಹೋದರೆ ಬುಡಕ್ಕೂ ಮೊನೆಗೂ ನಡುವೆ 318 ಡಿಗ್ರಿ ಇಳಿಕೆ ಬೇಕು, ಆಗ ಮೊನೆಯ ಮೇಲೆ ಸೀಸ ಹೆಪ್ಪುಗಟ್ಟುತ್ತದೆ. ಮೊನೆ 3 ಮಿ.ಮೀ. ಇರುವ ಬಿಟ್ ಹಾಕಿದರೆ D₁ × D₂ ಮೂರು ಪಟ್ಟಾಗುತ್ತದೆ, ಅದೇ 100 ಡಿಗ್ರಿಗೆ 37.7 ವ್ಯಾಟ್ ಬರುತ್ತದೆ. ಬುಡದ ದಪ್ಪವನ್ನು 6ರಿಂದ 7 ಮಿ.ಮೀ.ಗೆ ಏರಿಸಿದರೆ ಸಿಗುವ ಲಾಭ ಆರನೇ ಒಂದು ಪಾಲು. ಮೊನೆಗೆ ಅದೇ ಒಂದು ಮಿಲಿಮೀಟರ್ ಸೇರಿಸಿ 1ರಿಂದ 2 ಮಾಡಿದರೆ ಶಾಖ ನೇರವಾಗಿ ಇಮ್ಮಡಿ. ಮೊನೆ ಸಣ್ಣದೇ ಬೇಕು ಎನ್ನುವವರಿಗೆ ಸೂತ್ರದ ಛೇದದಲ್ಲಿರುವ L ಇನ್ನೊಂದು ದಾರಿ ತೋರಿಸುತ್ತದೆ: ಅದೇ ಬುಡ, ಅದೇ ಮೊನೆಯ, ಅರ್ಧ ಉದ್ದದ ಗಿಡ್ಡ ಬಿಟ್ ಕೊಂಡರೆ ಮೊನೆಗೆ 25 ವ್ಯಾಟ್ ತಲುಪುತ್ತದೆ. ಆ ಗಿಡ್ಡ ಶಂಕುವಿನ ಮೈ ಹದಿನೆಂಟು ಡಿಗ್ರಿಗೂ ಹೆಚ್ಚು ವಾಲಿರುವುದರಿಂದ, ಕೈಗೆ ಸಿಗುವುದು ಅದಕ್ಕಿಂತ ಒಂದಿಷ್ಟು ಕಡಿಮೆಯೇ.